ಮೇಲಿನ ಮನೆ ಬಿಡುವಾಗ, ಕಾಕಾ-ಕಾಕಿಯವರಿಗೆ

ಬ್ರಹ್ಮಪುರ, ಕಲಬುರಗಿ
31 ಮೇ 2025

ಕಾಕಾ ಮತ್ತು ಕಾಕಿಯವರಿಗೆ ಶರಣು ಶರಣಾರ್ಥಿ.

ಇವತ್ತು ಮೇಲಿನ ಮನೆ ಖಾಲಿ ಮಾಡಿ ಕೀಲಿ ಕೊಡುತ್ತಿದ್ದೇವೆ. 2014ರ ಜೂನ್ 1ಕ್ಕೆ ಬಂದೆವು. ಅಂದಿನ ಕರಾರುಪತ್ರದಲ್ಲಿ ಊರಿನ ಹೆಸರು ಇನ್ನೂ ಗುಲ್ಬರ್ಗಾ ಅಂತಲೇ ಇದೆ. ಈ ಹನ್ನೊಂದು ವರ್ಷದಲ್ಲಿ ನೀವು ಬಾಡಿಗೆ ಏರಿಸಿದ್ದು ನಾಲ್ಕೇ ಸಲ, ಅದೂ ಎರಡು ತಿಂಗಳು ಮೊದಲೇ ಹೇಳಿ.

2020ರ ಏಪ್ರಿಲ್, ಮೇ ತಿಂಗಳಲ್ಲಿ ಅಂಗಡಿ ಬಂದಾಗಿದ್ದಾಗ ಬಾಡಿಗೆಯ ಮಾತೇ ತೆಗೆಯಲಿಲ್ಲ. ಆ 12,000 ರೂಪಾಯಿಯನ್ನು ಮುಂದೆ ತಿಂಗಳಿಗೆ ಸಾವಿರದಂತೆ ಮುಟ್ಟಿಸಲು ಬಿಟ್ಟು, ಪ್ರತಿ ಸಲ ವಹಿಯಲ್ಲಿ ಬರೆದು ಸಹಿ ಮಾಡಿದಿರಿ. ಆ ಉಪಕಾರ ನಮ್ಮ ಮನೆಯಲ್ಲಿ ಯಾರೂ ಮರೆತಿಲ್ಲ.

ಅದೇ ವರ್ಷ ಅಕ್ಟೋಬರ್ ಮಳೆಗೆ ಮಲಗುವ ಕೋಣೆಯ ಮೂಲೆ ಸೋರಿತ್ತು. ಒಳಗಿನಿಂದ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರೆ ಮರು ಮಳೆಗೇ ಉಬ್ಬಿ ಉದುರುತ್ತಿತ್ತು, ಯಾಕೆಂದರೆ ನೀರು ಇಳಿಯುತ್ತಿದ್ದದ್ದು ಮೇಲೆ, ಪ್ಯಾರಾಪೆಟ್ ಗೋಡೆಯೂ ಸ್ಲ್ಯಾಬೂ ಕೂಡುವ ಬಿರುಕಿನಿಂದ. ನೀವು ಖರ್ಚಿಗೆ ಹಿಂಜರಿಯದೆ ಹಳೆ ಗಿಲಾವು ಕೆತ್ತಿಸಿ, ಆ ಸಂದಿಗೆ ಉದ್ದಕ್ಕೂ ಸಿಮೆಂಟಿನ ದುಂಡು ಅಂಚು ಕಟ್ಟಿಸಿದಿರಿ. ಆಮೇಲೆ ಒಂದು ಹನಿ ಬಿದ್ದಿಲ್ಲ. ಪ್ರತಿ ವರ್ಷ ಶಿವರಾತ್ರಿ ಮುಗಿಯುತ್ತಲೇ ಮಾಳಿಗೆಗೆ ಎರಡು ಕೈ ಸುಣ್ಣ ಹೊಡೆಸುತ್ತಿದ್ದಿರಲ್ಲ, ನಮ್ಮೂರಿನ ಬಿಸಿಲಿನಲ್ಲಿ ಮಕ್ಕಳು ಮಧ್ಯಾಹ್ನ ಆ ಫರಸಿಯ ಮೇಲೆ ನಿದ್ದೆ ಮಾಡಿದ್ದು ಅದರ ಪುಣ್ಯ.

ಲೆಕ್ಕ ಇಷ್ಟು: ಠೇವಣಿ 40,000 ರೂಪಾಯಿ ಪೂರ್ತಿ ನಮ್ಮ ಖಾತೆಗೆ ಬಂದಿದೆ, ನಿಮ್ಮಿಂದ ಬರಬೇಕಾದ್ದು ಏನೂ ಇಲ್ಲ. ಜೆಸ್ಕಾಂ ಮೀಟರ್ ಇಂದು ಬೆಳಿಗ್ಗೆ 18,642 ತೋರಿಸುತ್ತಿತ್ತು. ಅಲ್ಲಿಯವರೆಗಿನ ಬಿಲ್ಲು ಬಂದ ದಿನವೇ ನಾವು ಕಟ್ಟುತ್ತೇವೆ. ಮುಂಬಾಗಿಲಿನ ಕೀಲಿ ಮೂರು, ಗೇಟಿನದು ಎರಡು, ಮಾಳಿಗೆಯದು ಒಂದು, ಎಲ್ಲವೂ ಈ ಪಾಕೀಟಿನಲ್ಲಿವೆ. ಕೂಲರಿನ ಕಬ್ಬಿಣದ ಸ್ಟ್ಯಾಂಡು ಕಿಟಕಿಯಲ್ಲೇ ಬಿಟ್ಟಿದ್ದೇವೆ, ಬರುವವರಿಗೆ ಉಪಯೋಗವಾಗಲಿ.

ಹೊಸಬರಿಗೆ ಮೋಟರಿನ ವಿಷಯ ಮಾತ್ರ ಹೇಳಿಬಿಡಿ. ಸಂಪಿನೊಳಗಿನ ಫುಟ್ ವಾಲ್ವಿನಲ್ಲಿ ಕಸ ಸಿಕ್ಕರೆ ಪೈಪಿನ ನೀರು ಕೆಳಗಿಳಿದು ಮೋಟರ್ ಗಾಳಿ ಹಿಡಿಯುತ್ತದೆ. ಸದ್ದು ಬಂದು ಎರಡು ನಿಮಿಷವಾದರೂ ಟಾಕಿಗೆ ನೀರು ಏರದಿದ್ದರೆ ಸ್ವಿಚ್ ಆರಿಸಿ, ಮೋಟರಿನ ತಲೆಯ ಬಿರಡೆ ಬಿಚ್ಚಿ, ಅಂಚಿನವರೆಗೆ ನೀರು ತುಂಬಿ, ಬಿಗಿ ಮಾಡಿ ಮತ್ತೆ ಹಚ್ಚಬೇಕು. ಒಣಗಿದಂತೆಯೇ ಓಡಿಸಿದರೆ ಸೀಲು ಸುಡುತ್ತದೆ. ನಮ್ಮ ಕಾಲದಲ್ಲಿ ಒಮ್ಮೆ ಹಾಗಾದಾಗ ಅರ್ಧ ಖರ್ಚು ನೀವೇ ಕೊಟ್ಟಿದ್ದಿರಿ.

ಕಾಕಿಯವರೇ, ಎಳ್ಳಮಾವಾಸ್ಯೆಗೆ ಭಜ್ಜಿ, ಸಜ್ಜಿರೊಟ್ಟಿ ಪಾವಟಿಗೆ ಹತ್ತಿ ಮೇಲೆ ಬರದ ವರ್ಷವೇ ಇಲ್ಲ. ನಿಮ್ಮ ಎರಡು ಸ್ಟೀಲಿನ ಡಬ್ಬಿ ನಮ್ಮಲ್ಲೇ ಉಳಿದಿದ್ದವು. ಬರಿದೇ ಕೊಡಬಾರದೆಂದು ಒಂದರಲ್ಲಿ ಶೇಂಗಾ ಹೋಳಿಗೆ, ಇನ್ನೊಂದರಲ್ಲಿ ಶೇಂಗಾ ಹಿಂಡಿ ತುಂಬಿ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಿದ್ದೇವೆ.

ನಿಮ್ಮ
ಮೇಲಿನ ಮನೆಯವರು