ಡೊಂಬಿವಲಿ ಅಡುಗೆಮನೆ: ಜಾಹೀರಾತುದಾರರಿಗೆ ಒಂದು ಪುಟದ ಪರಿಚಯ

ಮುಂಬೈ ಸುತ್ತಲಿನ ಕನ್ನಡ ಮನೆಗಳ ಅಡುಗೆ ನನ್ನ ವಿಷಯ. ಮಾಟುಂಗಾ ಮಾರುಕಟ್ಟೆಯಲ್ಲಿ ಕೆಸುವಿನ ಎಲೆ ಆರಿಸುವುದರಿಂದ ಹಿಡಿದು ಪತ್ರೊಡೆ ಹಬೆಯಲ್ಲಿ ಬೇಯುವವರೆಗೆ ಎಲ್ಲವನ್ನೂ ಚಿತ್ರೀಕರಿಸುವವಳೂ ಸಂಕಲಿಸುವವಳೂ ನಾನೇ. ಮಾತು ಕನ್ನಡದಲ್ಲಿ, ಅಡಿಬರಹ ಕನ್ನಡ ಮತ್ತು ಮರಾಠಿಯಲ್ಲಿ.

ನೋಡುಗರು (ಕಳೆದ 90 ದಿನಗಳು)
ಇನ್‌ಸ್ಟಾಗ್ರಾಂ ಅನುಯಾಯಿಗಳು: 18,400
ಯೂಟ್ಯೂಬ್ ಚಂದಾದಾರರು: 9,200
ಒಂದು ರೀಲ್‌ನ ಮಧ್ಯಮ ವೀಕ್ಷಣೆ: 11,000

ಗಣೇಶ ಚೌತಿಯ ಪಂಚಕಜ್ಜಾಯದ ರೀಲ್ 2.4 ಲಕ್ಷ ವೀಕ್ಷಣೆ ಕಂಡಿತು. ಅದನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಹಬ್ಬದ ಅಲೆಯನ್ನು ನಂಬಿ ನೀವು ಹಣ ಹಾಕಬಾರದು.

ಇನ್‌ಸ್ಟಾಗ್ರಾಂನಲ್ಲಿ ಶೇ. 41 ಮಂದಿ ಮುಂಬೈ, ಠಾಣೆ, ನವಿ ಮುಂಬೈಯವರು, ಶೇ. 22 ಬೆಂಗಳೂರು, ಶೇ. 17 ಉಡುಪಿ–ಮಂಗಳೂರು, ಶೇ. 8 ಪುಣೆ. ಶೇ. 68 ಮಹಿಳೆಯರು. ತಿಂಗಳ ದಿನಸಿ ಪಟ್ಟಿ ಬರೆಯುವ ಕೈಗಳು ಇವು. ಮಾರಾಟ ಮುಂಬೈಯಲ್ಲೇ ಇರುವ ಅಂಗಡಿಗೆ ಮೊದಲ ಅಂಕಿಯೇ ಮುಖ್ಯ.

ಮಾಡಿದ ಕೆಲಸ
ಮಾಟುಂಗಾದ ಕಾಫಿಪುಡಿ ಅಂಗಡಿಗೆ 40 ಸೆಕೆಂಡಿನ ರೀಲ್: ಸ್ಟೀಲ್ ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿಯುವ ಸದ್ದು, ಹಾಲು ಉಕ್ಕುವ ಕ್ಷಣ, ಲೋಟದಿಂದ ದಬರಿಗೆ ಎತ್ತಿ ಹೊಯ್ಯುವ ನೊರೆ. ಹಿನ್ನೆಲೆ ಸಂಗೀತ ಇಲ್ಲ, ಬೆಲೆ ಕೊನೆಯ 5 ಸೆಕೆಂಡಿನಲ್ಲಿ ಮಾತ್ರ. ರಿಯಾಯಿತಿ ಕೋಡ್ ಬಳಸಿ 10 ದಿನಗಳಲ್ಲಿ 64 ಆರ್ಡರ್ ಬಂದವು; ಅಂಗಡಿಯವರು ಮರುತಿಂಗಳು ಮತ್ತೆ ಕರೆದರು.
ಪುನರ್ಪುಳಿ ಶರಬತ್ತು ತಯಾರಕರಿಗೆ ಸೋಲ್‌ಕಡಿಯ ಯೂಟ್ಯೂಬ್ ವೀಡಿಯೊ. ಟೇಬಲ್‌ಟಾಪ್ ಗ್ರೈಂಡರ್ ಮಾರಾಟಗಾರರಿಗೆ ಸ್ಟೋರಿಗಳು. ಕೊಂಡಿಗಳು ಪುಟದ ಹೈಲೈಟ್‌ನಲ್ಲಿವೆ.

ದರ
ರೀಲ್ ಒಂದಕ್ಕೆ: ₹9,000
ಮೂರು ಸ್ಟೋರಿ, ಕೊಂಡಿ ಸಹಿತ: ₹3,000
ಯೂಟ್ಯೂಬ್ ವೀಡಿಯೊದೊಳಗೆ 60 ಸೆಕೆಂಡು: ₹8,000
ನಿಮ್ಮ ಉತ್ಪನ್ನಕ್ಕೇ ಮೀಸಲಾದ ವೀಡಿಯೊ: ₹16,000

ನನ್ನ ರೀಲನ್ನು ನೀವು ಹಣ ಕೊಟ್ಟು ಜಾಹೀರಾತಾಗಿ ಓಡಿಸುವುದಾದರೆ 30 ದಿನಗಳಿಗೆ ದರದ ಅರ್ಧ ಹೆಚ್ಚುವರಿ. ಅರ್ಧ ಹಣ ಮುಂಗಡ, ಉಳಿದದ್ದು ಪ್ರಕಟಣೆಯ 15 ದಿನಗಳೊಳಗೆ. ಚಿತ್ರಕಥೆಗೆ ಒಂದು, ಸಂಕಲನಕ್ಕೆ ಒಂದು ತಿದ್ದುಪಡಿ ಇದರಲ್ಲೇ ಸೇರಿದೆ. ಜಿಎಸ್‌ಟಿ ನೋಂದಣಿ ಇಲ್ಲದ ಕಾರಣ ಬಿಲ್ಲಿನಲ್ಲಿ ಆ ತೆರಿಗೆ ಇರುವುದಿಲ್ಲ. ಟಿಡಿಎಸ್ ಕಡಿತವಾದರೆ ಪ್ರಮಾಣಪತ್ರ ಕಳುಹಿಸಬೇಕು. ಉತ್ಪನ್ನದ ಡಬ್ಬಿ ಕಳುಹಿಸುವುದು ಪರೀಕ್ಷೆಗೆ, ಸಂಭಾವನೆಗೆ ಬದಲಾಗಿ ಅಲ್ಲ.

ಜಾಹೀರಾತು ಮಾನದಂಡ ಮಂಡಳಿಯ 2021ರ ಮಾರ್ಗಸೂಚಿಯಂತೆ ಹಣ ಪಡೆದ ಪ್ರತಿ ಪ್ರಕಟಣೆಯಲ್ಲೂ ಜಾಹೀರಾತು ಎಂಬ ಗುರುತು ಕಾಣುವಂತೆ ಇರುತ್ತದೆ. ಅದನ್ನು ತೆಗೆಯುವ ಮಾತು ಬೇಡ. ತೂಕ ಇಳಿಸುವ ಪುಡಿಗಳನ್ನೂ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇಲ್ಲದ ತಿನಿಸುಗಳನ್ನೂ ಒಪ್ಪಿಕೊಳ್ಳುವುದಿಲ್ಲ. ಮಿಕ್ಕ ಯಾವುದನ್ನಾದರೂ ಒಂದು ವಾರ ಮನೆಯಲ್ಲಿ ಬಳಸಿದ ಮೇಲೆಯೇ ಹೌದು, ಅಲ್ಲ ಹೇಳುತ್ತೇನೆ.

ಶ್ರಾವಣದಿಂದ ದೀಪಾವಳಿಯವರೆಗಿನ ಕೆಲಸಕ್ಕೆ ಆರು ವಾರ ಮೊದಲು, ಉಳಿದ ದಿನಗಳಲ್ಲಿ ಎರಡು ವಾರ ಮೊದಲು ಇನ್‌ಸ್ಟಾಗ್ರಾಂ ಸಂದೇಶದಲ್ಲಿ ಉತ್ಪನ್ನ, ಊರು, ಬೇಕಾದ ದಿನಾಂಕ ಮತ್ತು ಬಜೆಟ್ ತಿಳಿಸಿ.