ಬ್ಯಾಡಗಿ ಕಡ್ಡಿ ಮೆಣಸಿನಕಾಯಿ 500 ಗ್ರಾಂ: ಆನ್‌ಲೈನ್ ಲಿಸ್ಟಿಂಗ್ ತಿದ್ದಿದ್ದರ ದಾಖಲೆ

ವ್ಯೂ, ಆರ್ಡರ್ ಎಣಿಕೆ ಎರಡು ವಾರಕ್ಕೊಮ್ಮೆ, ಸೋಮವಾರ ಬೆಳಿಗ್ಗೆ. ಗುಂಟೂರು ಕಾಯಿಯ ಲಿಸ್ಟಿಂಗ್ ಅನ್ನು ಯಾರೂ ಮುಟ್ಟಬೇಡಿ. ಪೇಟೆಯೇ ಏರಿತೋ, ನಮ್ಮ ಬರಹದಿಂದ ಏರಿತೋ ಎಂದು ತಿಳಿಯಲು ನಮಗಿರುವುದು ಅದೊಂದೇ ಅಳತೆ. ಸ್ಟಾರ್‌ಗಳನ್ನು ರಿವ್ಯೂ ಬಂದ ದಿನಕ್ಕಲ್ಲ, ಆ ಆರ್ಡರ್ ಬಂದ ದಿನಕ್ಕೆ ಸೇರಿಸಿ. ಜನ ರಿವ್ಯೂ ಬರೆಯುವುದು ಡಬ್ಬಿ ಅರ್ಧ ಖಾಲಿಯಾದ ಮೇಲೆ. ಹಾಗಾಗಿ ಹಳೆಯ ಸಾಲಿನ ಸ್ಟಾರ್ ಅಂಕಿ ಆಮೇಲೆ ತಿದ್ದಿದ್ದಿರಬಹುದು.

6-1-2025
ಹಿಂದಿನ ಎರಡು ವಾರ: ವ್ಯೂ 640, ಆರ್ಡರ್ 19. ಗುಂಟೂರು: 290, 10.
ಬದಲಾವಣೆ: ಟೈಟಲ್ ಮಾತ್ರ.
ಹಳೆಯದು: "ಪ್ರೀಮಿಯಂ ಕ್ವಾಲಿಟಿ 100% ನ್ಯಾಚುರಲ್ ಡ್ರೈ ರೆಡ್ ಚಿಲ್ಲಿ, ಬೆಸ್ಟ್ ಸ್ಪೈಸ್"
ಹೊಸದು: "ಬ್ಯಾಡಗಿ ಚಿಲ್ಲಿ, ಕಡ್ಡಿ, ತೊಟ್ಟು ಬಿಡಿಸಿದ್ದು, 500 ಗ್ರಾಂ"
ಕಾರಣ: ಹಳೆಯ ಟೈಟಲಿನಲ್ಲಿ ಊರಿನ ಹೆಸರೇ ಇರಲಿಲ್ಲ. 2011ರಲ್ಲೇ ಜಿಐ ಟ್ಯಾಗ್ ಸಿಕ್ಕ ಹೆಸರದು. ಕೊಳ್ಳುವವರು ಹುಡುಕುವುದೂ ಅದನ್ನೇ, "ಪ್ರೀಮಿಯಂ" ಎಂದು ಯಾರು ಹುಡುಕುತ್ತಾರೆ?

20-1-2025
ವ್ಯೂ 910, ಆರ್ಡರ್ 28. ಗುಂಟೂರು: 305, 11. ಒಂದು-ಎರಡು ಸ್ಟಾರ್: 4.
ತೀರ್ಪು: ಟೈಟಲ್ ಕೆಲಸ ಮಾಡಿದೆ. ಸಂಕ್ರಾಂತಿ ನಡುವೆ ಬಂತಾದರೂ ಗುಂಟೂರು ಹೆಚ್ಚುಕಡಿಮೆ ನಿಂತಲ್ಲೇ ಇದೆ. ಆದರೆ ನೋಡಿದ ನೂರು ಜನರಲ್ಲಿ ಕೊಳ್ಳುವವರು ಆಗಲೂ ಮೂರು, ಈಗಲೂ ಮೂರು. ಜನ ಬಂದರು, ಅಷ್ಟೇ.
ಬದಲಾವಣೆ: ಮೊದಲ ಫೋಟೋ. ಬಿಳಿ ಹಿನ್ನೆಲೆಯ ರಾಶಿ ತೆಗೆದು, ಅಂಗೈ ಮೇಲೆ ಐದಾರು ಕಾಯಿ ಇಟ್ಟು ಹತ್ತಿರದಿಂದ ತೆಗೆದದ್ದು. ಕಾಕಾ ಹೇಳಿದ್ದು: "ಸುಕ್ಕು ಕಾಣಬೇಕ ತಮ್ಮಾ, ಸುಕ್ಕು ನೋಡೇ ಬ್ಯಾಡಗಿ ಅಂತ ಗುರ್ತು ಹಿಡಿತಾರ."

3-2-2025
ವ್ಯೂ 1,020, ಆರ್ಡರ್ 41. ಗುಂಟೂರು: 300, 10.
ಈ ಸಾಲು ಲೆಕ್ಕಕ್ಕಿಲ್ಲ. 24ರಂದು ಅಣ್ಣ ಬೆಲೆಯನ್ನು 349ರಿಂದ 319ಕ್ಕೆ ಇಳಿಸಿದ್ದಾನೆ. ಹೆಚ್ಚಿದ ಆರ್ಡರ್ ಫೋಟೋದ್ದೋ 30 ರೂಪಾಯಿಯದ್ದೋ, ಹೇಳುವ ದಾರಿಯಿಲ್ಲ. ಬೆಲೆ 349ಕ್ಕೆ ವಾಪಸ್. ಅದೇ ಫೋಟೋ ಇನ್ನೆರಡು ವಾರ ಇರಲಿ. (ಅಣ್ಣಾ, ಬೆಲೆ ಮುಟ್ಟುವುದಿದ್ದರೆ ಸೋಮವಾರ ಮುಟ್ಟು, ಇಲ್ಲಿ ಬರೆದು ಮುಟ್ಟು.)

17-2-2025
ವ್ಯೂ 905, ಆರ್ಡರ್ 27. ಗುಂಟೂರು: 305, 11. ಒಂದು-ಎರಡು ಸ್ಟಾರ್: 4. ರಿಫಂಡ್ ಕೇಳಿದವರು: 3.
ತೀರ್ಪು: ಫೋಟೋದಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಚೆನ್ನಾಗಿದೆ, ಇರಲಿ.
ಸ್ಟಾರ್ ಕಡಿಮೆ ಕೊಟ್ಟವರ ಮಾತುಗಳನ್ನು ಒಟ್ಟಿಗೆ ಓದಿದೆ. ಎಲ್ಲರದೂ ಒಂದೇ ದೂರು: "ಖಾರವೇ ಇಲ್ಲ." ಬ್ಯಾಡಗಿಗೆ ಖಾರ ಎಲ್ಲಿಂದ ಬರಬೇಕು! ಕಾಯಿ ಸರಿಯಿದೆ, ತಪ್ಪಿರುವುದು ಬರಹದಲ್ಲಿ: ನಮ್ಮ ವಿವರಣೆಯ ಮೊದಲ ಸಾಲಿನಲ್ಲೇ "ಖಾರವಾದ, ಕಡುಗೆಂಪು" ಎಂದಿದೆ.
ಬದಲಾವಣೆ: ಮೊದಲ ಸಾಲು ಮಾತ್ರ.
ಹೊಸದು: "ಇದು ಬಣ್ಣಕ್ಕೆ ಹಾಕುವ ಮೆಣಸಿನಕಾಯಿ, ಖಾರ ಕಡಿಮೆ. ಸಾರು ಕೆಂಪಗಾಗಬೇಕು, ನಾಲಿಗೆ ಉರಿಯಬಾರದು ಎನ್ನುವವರಿಗೆ. ಖಾರ ಬೇಕಿದ್ದರೆ ಇದರ ಜೊತೆ ಗುಂಟೂರು ಬೆರೆಸಿ."
ಅಣ್ಣನ ಅನುಮಾನ: ಖಾರ ಇಲ್ಲ ಎಂದು ನಾವೇ ಹೇಳಿದರೆ ಯಾರು ಕೊಳ್ಳುತ್ತಾರೆ? ನೋಡೋಣ.

3-3-2025
ವ್ಯೂ 890, ಆರ್ಡರ್ 25. ಗುಂಟೂರು: 310, 11. ಒಂದು-ಎರಡು ಸ್ಟಾರ್: 1. ರಿಫಂಡ್: ಇಲ್ಲ.
ತೀರ್ಪು: ಈವರೆಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ತಿದ್ದುಪಡಿ. ಎರಡು ಆರ್ಡರ್ ಕಡಿಮೆ ಎಂದು ತಲೆ ಕೆಡಿಸಿಕೊಳ್ಳುವುದು ಬೇಡ, ಇಷ್ಟು ಸಣ್ಣ ವ್ಯಾಪಾರದಲ್ಲಿ ಎರಡು ಮೂರು ಹೀಗೇ ಹೆಚ್ಚುಕಡಿಮೆ ಆಗುತ್ತದೆ. ಮೂರು ರಿಫಂಡ್ ತಪ್ಪಿದ್ದು ಅದಕ್ಕಿಂತ ದೊಡ್ಡದು. ಸ್ಟಾರ್ ಅಂಕಿಯೂ ಸಣ್ಣದೇ, ಮುಂದಿನ ಸಾಲುಗಳಲ್ಲೂ ಹೀಗೇ ಉಳಿದರೆ ಗಟ್ಟಿ.
ಬದಲಾವಣೆ: ವಿವರಣೆಯ ಕೆಳಗಿನ ಅಂಶಗಳಲ್ಲಿ "ಸಾಂಬಾರ್ ಪುಡಿ, ಬಿಸಿಬೇಳೆಬಾತ್ ಪುಡಿ, ಕೆಂಪು ಚಟ್ನಿಗೆ" ಎಂದು ಸೇರಿಸಿದೆ.

17-3-2025
ವ್ಯೂ 1,480, ಆರ್ಡರ್ 52. ಒಂದು-ಎರಡು ಸ್ಟಾರ್: 1. ಅಣ್ಣ ಫೋನ್ ಮಾಡಿ ಕುಣಿದಾಡಿದ.
ಗುಂಟೂರು: 505, 18. ಅದಕ್ಕೆ ನಾವು ಒಂದಕ್ಷರ ಸೇರಿಸಿಲ್ಲ, ಆದರೂ ವ್ಯೂ ಇದರಷ್ಟೇ ಏರಿದೆ, ಆರ್ಡರ್ ಕೂಡ ಅರ್ಧಕ್ಕಿಂತ ಹೆಚ್ಚು ಏರಿದೆ. ಬೇಸಿಗೆ ಶುರುವಾಯಿತು, ವರ್ಷದ ಪುಡಿ ಮಾಡಿಸುವ ಕಾಲ. ಇದು ಬಿಸಿಲಿನ ಕೊಡುಗೆ.
ಬದಲಾವಣೆ: ಖಾತ್ರಿಗಾಗಿ ಅಡುಗೆ ಹೆಸರುಗಳ ಸಾಲನ್ನು ತೆಗೆದುಬಿಟ್ಟೆ.

31-3-2025
ವ್ಯೂ 1,510, ಆರ್ಡರ್ 53. ಗುಂಟೂರು: 520, 19. ಒಂದು-ಎರಡು ಸ್ಟಾರ್: 2, ಅದರಲ್ಲಿ ಒಂದು ಪ್ಯಾಕೆಟ್ ಹರಿದಿದ್ದಕ್ಕೆ.
ತೀರ್ಪು: ಅಡುಗೆ ಹೆಸರುಗಳ ಸಾಲು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಓದುವವರಿಗೆ ಅನುಕೂಲ ಎಂದು ಮತ್ತೆ ಹಾಕಿದ್ದೇನೆ, ಯುಗಾದಿಯ ಆರ್ಡರ್‌ಗಳ ಕೀರ್ತಿ ಅದಕ್ಕೆ ಕೊಡಬೇಡಿ. ಬಣ್ಣ-ಖಾರದ ಸಾಲು ಖಾಯಂ: ಆರ್ಡರ್ ದುಪ್ಪಟ್ಟಾದರೂ ದೂರು ಏರಿಲ್ಲ.
ಮಾಡದೆ ಬಿಟ್ಟಿದ್ದು: ಟೈಟಲಿಗೆ "ಕಾಶ್ಮೀರಿ" ಸೇರಿಸುವ ಸಲಹೆ. ಹುಡುಕುವವರು ಬಹಳ ಇರಬಹುದು, ಆದರೆ ನಮ್ಮ ಚೀಲದಲ್ಲಿರುವುದು ಕಾಶ್ಮೀರಿ ಅಲ್ಲ.
ಮುಂದಿನ ಬದಲಾವಣೆ, ಇಂದಿನಿಂದ: ಎರಡನೇ ಫೋಟೋ. ಒಂದು ಚಮಚ ಬ್ಯಾಡಗಿ ಪುಡಿ, ಪಕ್ಕದಲ್ಲಿ ಒಂದು ಚಮಚ ಗುಂಟೂರು ಪುಡಿ, ಬಿಳಿ ತಟ್ಟೆಯಲ್ಲಿ. ಎಣಿಕೆ ಏಪ್ರಿಲ್ 14ಕ್ಕೆ.