ದೀಕ್ಷೆಗೆ ಮೊದಲು ಮನೆಗೆ ಬರೆದ ಪತ್ರ

ಅಪ್ಪ, ಅವ್ವನಿಗೆ ನಿಮ್ಮ ಮಗಳು ಮಹದೇವಿ ಮಾಡುವ ನಮಸ್ಕಾರಗಳು. ಇಲ್ಲಿ ನಾನು ಕ್ಷೇಮ. ಅಣ್ಣ, ಇದನ್ನು ಊಟ ಆದ ಮೇಲೆ ಓದಿ ಹೇಳು, ನಡುವೆ ಬಿಡಬೇಡ. ಫೋನಿನಲ್ಲಿ ಹೇಳಿದರೆ ಅವ್ವ ಅಳುತ್ತಾಳೆ, ನಾನೂ ಅರ್ಧಕ್ಕೇ ನಿಲ್ಲಿಸುತ್ತೇನೆ. ಅದಕ್ಕೇ ಬರೆದೆ.

ಈ ವಿಜಯದಶಮಿಗೆ ನಾನು ಬೌದ್ಧ ದೀಕ್ಷೆ ತೆಗೆದುಕೊಳ್ಳುತ್ತಿದ್ದೇನೆ. ನನಗೆ ಯಾರೂ ದುಡ್ಡು ಕೊಟ್ಟಿಲ್ಲ, ತಲೆ ಕೆಡಿಸಿಲ್ಲ. ಮದುವೆಗಾಗಿಯೂ ಅಲ್ಲ. ನಾಲ್ಕು ವರ್ಷದಿಂದ ಓದುತ್ತಾ, ಭಾನುವಾರ ಬುದ್ಧ ವಿಹಾರಕ್ಕೆ ಹೋಗುತ್ತಾ ಇದ್ದೇನೆ. ಬಾಬಾಸಾಹೇಬರೂ 1935ರಲ್ಲಿ ಯೇವಲಾದಲ್ಲಿ ಹಿಂದೂವಾಗಿ ಸಾಯುವುದಿಲ್ಲ ಎಂದವರು, ನಾಗಪುರದಲ್ಲಿ ದೀಕ್ಷೆ ತೆಗೆದುಕೊಂಡಿದ್ದು 1956ರ ಅಕ್ಟೋಬರ್ 14ಕ್ಕೆ. ಅವತ್ತೂ ವಿಜಯದಶಮಿ.

ಕಾರಣ ಹೇಳಬೇಕಲ್ಲ. ಮಾದಪ್ಪನ ಪಟದ ಮುಂದೆ ಕೈ ಮುಗಿದು ನಿಂತಾಗ ಅವ್ವನ ಮುಖದಲ್ಲಿ ಬರುವ ಸಮಾಧಾನ ನನ್ನೊಳಗೆ ಬರುತ್ತಿಲ್ಲ. ಎಷ್ಟೋ ಸಲ ನಿಮ್ಮ ಮನಸ್ಸು ನೋಯಬಾರದೆಂದು ಕೈ ಮುಗಿದಿದ್ದೇನೆ. ಅದು ನಿಮ್ಮ ಭಕ್ತಿಗೂ ಮರ್ಯಾದೆಯಲ್ಲ. ಊರ ಗುಡಿಯ ಹೊಸ್ತಿಲಾಚೆ ನಾವು ಯಾಕೆ ನಿಲ್ಲಬೇಕು ಎಂದು ಕೇಳಿದಾಗಲೆಲ್ಲ ‘ಮೊದಲಿಂದ ಹಂಗೇ’ ಎನ್ನುವ ಉತ್ತರವೇ ಬಂತು. ಬುದ್ಧನ ದಾರಿಯಲ್ಲಿ ಆ ಹೊಸ್ತಿಲಿಲ್ಲ. ಸಿಟ್ಟು ಇರುವುದು ಆ ಹೊಸ್ತಿಲಿನ ಮೇಲೆ, ನಿಮ್ಮ ಮೇಲಲ್ಲ.

ಕಾರ್ಯಕ್ರಮ ಸಣ್ಣದು. ಬಿಳಿ ಬಟ್ಟೆ ಹಾಕಿಕೊಂಡು ವಿಹಾರದ ಭಿಕ್ಷು ಬಂತೇಜಿ ಹೇಳಿಕೊಟ್ಟಂತೆ ತ್ರಿಶರಣವನ್ನು ಮೂರು ಸಲ ಹೇಳಬೇಕು, ಆಮೇಲೆ ಪಂಚಶೀಲ, ಆಮೇಲೆ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳು. ಇವು ನನ್ನ ಬಾಯಿಂದಲೇ ನಿಮಗೆ ಗೊತ್ತಾಗಲಿ. ಮೊದಲನೆಯದು ಬ್ರಹ್ಮ, ವಿಷ್ಣು, ಮಹೇಶ್ವರರನ್ನು ಪೂಜಿಸುವುದಿಲ್ಲ ಎನ್ನುವುದು. ಆರನೆಯದು ಶ್ರಾದ್ಧ, ಪಿಂಡ ಮಾಡುವುದಿಲ್ಲ ಎಂದು. ಹದಿನೇಳನೆಯದು ಕುಡಿಯುವುದಿಲ್ಲ ಎಂದು. ಇದಕ್ಕೆ ಅವ್ವ ಖುಷಿಪಡುತ್ತಾಳೆ, ಅಣ್ಣ ಸುಮ್ಮನಾಗುತ್ತಾನೆ.

ಆರನೆಯದೇ ನಿಮಗೆ ಚುಚ್ಚುವುದು. ಮಾರ್ನಮಿ ಅಮಾಸೆಗೆ ತಾತನಿಗೆ ಎಡೆ ಇಡುವ ಹೊತ್ತಿಗೆ ನಾನು ಮನೆಯಲ್ಲೇ ಇರುತ್ತೇನೆ. ಮನೆ ಸಾರಿಸುತ್ತೇನೆ, ಮುದ್ದೆ ತಿರುವುತ್ತೇನೆ, ಖಾರ ಅರೆಯುತ್ತೇನೆ. ಎಡೆಗೆ ಸಾಂಬ್ರಾಣಿ ಹಾಕಿ ಅಡ್ಡಬೀಳುವುದು ಮಾತ್ರ ಅಣ್ಣ, ಅತ್ತಿಗೆ ಮಾಡಲಿ. ನಾನು ಬಾಗಿಲ ಹತ್ತಿರ ಸುಮ್ಮನೆ ನಿಂತು ತಾತನನ್ನು ನೆನೆಯುತ್ತೇನೆ. ಎಡೆಗೆ ಬಾಟಲಿ ತಾ ಎಂದು ನನಗೆ ಹೇಳಬೇಡಿ. ಮಾರಿಹಬ್ಬದ ವರಿಯಲ್ಲಿ ಕುರಿಗೆಂದು ಕೇಳುವ ದುಡ್ಡನ್ನು ಕೊಡುವುದಿಲ್ಲ, ಆದರೆ ನೆಂಟರ ಊಟದ ಅಕ್ಕಿ, ಬೇಳೆ ನನ್ನ ಖರ್ಚು. ಅವ್ವ ಬೆಟ್ಟಕ್ಕೆ ಹೋಗಬೇಕೆಂದರೆ ಬಸ್ಸಿಗೆ ನಾನೇ ಕರೆದುಕೊಂಡು ಹೋಗುತ್ತೇನೆ, ಸಾಲಿನಲ್ಲಿ ಚೀಲ ಹಿಡಿದು ನಿಲ್ಲುತ್ತೇನೆ. ನನ್ನ ಹೆಸರಿನಲ್ಲಿ ಹರಕೆ ಮಾತ್ರ ಹೊರಬೇಡವ್ವ. ಈಗಾಗಲೇ ಹೊತ್ತಿದ್ದರೆ ಹೇಳು, ಅದನ್ನು ನೀನು ತೀರಿಸುವುದಕ್ಕೆ ನಾನು ಅಡ್ಡಬರುವುದಿಲ್ಲ.

ನಿಮ್ಮ ಕಾಲಾನಂತರದ ಮಾತು ಬರೆಯಲು ಕೈ ಬರುವುದಿಲ್ಲ, ಆದರೂ ಅಪ್ಪ ಕೇಳೇ ಕೇಳುತ್ತಾರೆ. ಎಲ್ಲ ನಿಮ್ಮ ಪದ್ಧತಿಯಂತೆಯೇ ಆಗಲಿ, ಬೇರೆ ಮಾಡಿ ಎಂದು ನಾನು ಹಟ ಹಿಡಿಯುವುದಿಲ್ಲ. ಮಣ್ಣು ಹಾಕುವುದಕ್ಕೆ, ಬಂದವರಿಗೆ ಬಡಿಸುವುದಕ್ಕೆ ಎಲ್ಲರಿಗಿಂತ ಮುಂದೆ ಇರುತ್ತೇನೆ.

ಅಣ್ಣನಿಗೆ ಕಾಗದಪತ್ರದ ಚಿಂತೆ ಇರುತ್ತದೆ. 1990ರ ತಿದ್ದುಪಡಿಯಿಂದ ಬೌದ್ಧರಾದ ಪರಿಶಿಷ್ಟ ಜಾತಿಯವರಿಗೂ ಮೀಸಲಾತಿ ಇದೆ. ನಿನ್ನ ಮಕ್ಕಳ ಸರ್ಟಿಫಿಕೇಟಿಗೂ ನನ್ನ ದೀಕ್ಷೆಗೂ ಸಂಬಂಧವೇ ಇಲ್ಲ. ಹಿಂದೂ ವಿವಾಹ ಕಾಯ್ದೆ, ಹಿಂದೂ ಉತ್ತರಾಧಿಕಾರ ಕಾಯ್ದೆ ಎರಡೂ ಬೌದ್ಧರಿಗೆ ಅನ್ವಯಿಸುತ್ತವೆ. ಜಮೀನಿನ ವಿಷಯದಲ್ಲಿ ಊರಿನವರು ಏನೇ ಹೆದರಿಸಿದರೂ ಇದನ್ನು ಹೇಳು. ಸರ್ಕಾರಕ್ಕೆ ಕೊಡಬೇಕಾದ ಅರ್ಜಿಗಳನ್ನು ವಕೀಲರ ಹತ್ತಿರ ಕೇಳಿ ಕೊಡುತ್ತೇನೆ. ಅಜ್ಜಿ ಇಟ್ಟ ಹೆಸರು ಮಹದೇವಿ, ಅದು ಹಾಗೇ ಇರುತ್ತದೆ.

ಬೀದಿಯಲ್ಲಿ ಯಾರಾದರೂ ಕೇಳಿದರೆ ‘ಅವಳು ನಮಗೆ ಹೇಳಿಯೇ ಮಾಡಿದಳು’ ಎನ್ನಿ, ಅಷ್ಟು ಸಾಕು. ನನ್ನ ಪರವಾಗಿ ವಾದ ಮಾಡಬೇಡಿ. ನೀವು ಒಪ್ಪಲೇಬೇಕೆಂದು ಕೇಳುತ್ತಿಲ್ಲ. ನೀವೂ ಬನ್ನಿ, ಬದಲಾಗಿ ಎಂದು ಮುಂದೆ ಯಾವತ್ತೂ ಕೇಳುವುದಿಲ್ಲ. ಬೈಯಬೇಕೆನಿಸಿದರೆ ಬೈಯಿರಿ. ಮಾತು ಬಿಟ್ಟರೆ ನನಗೆ ತಡೆಯಲು ಆಗುವುದಿಲ್ಲ.

ಬರುವ ಭಾನುವಾರ ಸಂಜೆ ನಾನೇ ಫೋನ್ ಮಾಡುತ್ತೇನೆ. ಅಪ್ಪ, ಅವತ್ತಿಗೂ ಮಾತಾಡುವ ಮನಸ್ಸಿಲ್ಲದಿದ್ದರೆ ಅಣ್ಣನ ಕೈಲಿ ಹೇಳಿಸಿ, ಅಮಾಸೆಗೆ ಊರಿಗೆ ಬಂದಾಗ ಎದುರು ಕೂತು ಮಾತಾಡೋಣ. ಬಿಪಿ ಮಾತ್ರೆ ಹೊಸ ಪಟ್ಟಿ ಕಳಿಸಿದ್ದೇನೆ, ಬೆಳಿಗ್ಗೆ ತಿಂಡಿ ಆದ ಮೇಲೆ ಒಂದು.

ಇಂತಿ ನಿಮ್ಮ ಮಗಳು,
ಮಹದೇವಿ